ಎಲ್‌ಸಿ ತೆರೆದ ದಿನದ ಡಾಲರ್, ಹಣ ಕಟ್ಟುವ ದಿನದ ಡಾಲರ್

ಕರಾವಳಿಯ ಗೇರುಬೀಜ ಕಾರ್ಖಾನೆಗಳಿಗೆ ಊರಿನ ಫಸಲು ಸಾಲುವುದಿಲ್ಲ. ಕೊರತೆ ತುಂಬಲು ಐವರಿ ಕೋಸ್ಟ್, ಬೆನಿನ್, ಘಾನಾ ಕಡೆಯಿಂದ ಹಸಿ ಬೀಜ ಹಡಗಿನಲ್ಲಿ ಬರಬೇಕು. ಅಲ್ಲಿನ ವ್ಯಾಪಾರಿಗೆ ಇಲ್ಲಿನ ಕಾರ್ಖಾನೆಯ ಪರಿಚಯವಿಲ್ಲ, ಇಲ್ಲಿನವರಿಗೆ ಅವನ ಮೇಲೆ ಭರವಸೆಯಿಲ್ಲ. ನಡುವೆ ನಿಲ್ಲುವುದು ಲೆಟರ್ ಆಫ್ ಕ್ರೆಡಿಟ್, ಅಂದರೆ ಎಲ್‌ಸಿ. ಸರಕು ಹಡಗಿಗೇರಿದ ಕಾಗದಪತ್ರ ಸರಿಯಾಗಿದ್ದರೆ ಹಣ ಕೊಡುತ್ತೇನೆ ಎಂದು ಕೊಳ್ಳುವವನ ಬ್ಯಾಂಕು ಬರೆದುಕೊಡುವ ಮಾತು ಅದು. ಮಾತು ಡಾಲರಿನಲ್ಲಿ, ಕಾರ್ಖಾನೆಯ ಲೆಕ್ಕ ರೂಪಾಯಿಯಲ್ಲಿ. ಎಡವಟ್ಟು ಶುರುವಾಗುವುದೇ ಇಲ್ಲಿ.

ಮುಂದಿನ ಮಾತಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಕಾರ್ಖಾನೆ ಕಾಲ್ಪನಿಕ, ಡಾಲರ್ ದರ ನಿಜದ್ದು. 2013ರ ಮೇ ತಿಂಗಳ ನಡುವೆ ಒಬ್ಬರು ಒಂದು ಲಕ್ಷ ಡಾಲರಿನ ಎಲ್‌ಸಿ ತೆರೆಸಿದರು. ಷರತ್ತು: ಬಿಲ್ ಆಫ್ ಲೇಡಿಂಗ್ ತಾರೀಕಿನಿಂದ 90 ದಿನಕ್ಕೆ ಪಾವತಿ. ಸರಕು ಮೇ 30ರಂದು ಹಡಗೇರಿತು. ಗಡುವು ಆಗಸ್ಟ್ 28.

ತಪ್ಪು ಕಲ್ಪನೆ: ಎಲ್‌ಸಿ ತೆರೆದ ದಿನದ ದರವೇ ನನ್ನ ದರ.

ವಾಸ್ತವ: ಎಲ್‌ಸಿಯಲ್ಲಿ ರೂಪಾಯಿಯೇ ಇಲ್ಲ. ಅದರಲ್ಲಿರುವುದು ‘ಒಂದು ಲಕ್ಷ ಡಾಲರ್’ ಅಷ್ಟೆ. ಬ್ಯಾಂಕಿನವರು ಆ ದಿನ 55 ಲಕ್ಷ ಎಂದು ಬರೆದುಕೊಂಡಿದ್ದು ನಿಮ್ಮ ಲಿಮಿಟ್ ಎಷ್ಟು ಬಳಕೆಯಾಯಿತು, ಮಾರ್ಜಿನ್ ಎಷ್ಟು ಹಿಡಿಯಬೇಕು ಎಂದು ನೋಡಲು. ಅದು ಬೆಲೆಯಲ್ಲ, ಅಂದಾಜು. ಡಾಲರ್ ಕೊಳ್ಳುವುದು ಕಟ್ಟುವ ದಿನ, ಆ ದಿನ ಬ್ಯಾಂಕು ಮಾರುವ ದರಕ್ಕೆ. ಆ ದರ ಟಿವಿಯಲ್ಲಿ ಓಡುವ ದರಕ್ಕಿಂತ ಕೆಲವು ಪೈಸೆ ಹೆಚ್ಚೇ ಇರುತ್ತದೆ.

ಮೇ ನಡುವೆ ಡಾಲರ್ 55 ರೂಪಾಯಿಯ ಆಸುಪಾಸಿನಲ್ಲಿತ್ತು. ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ, ಬಾಂಡ್ ಖರೀದಿಯನ್ನು ತಗ್ಗಿಸುವ ಸೂಚನೆ ಕೊಟ್ಟರು. ಭಾರತದಂಥ ದೇಶಗಳಿಂದ ಹಣ ಹೊರಹರಿಯತೊಡಗಿತು. ಆಗಸ್ಟ್ 28ರಂದು ಡಾಲರ್ 68 ದಾಟಿತ್ತು. 55 ಲಕ್ಷ ಎಂದುಕೊಂಡಿದ್ದ ಬೀಜಕ್ಕೆ 68 ಲಕ್ಷ. ಹದಿಮೂರು ಲಕ್ಷ ಎಲ್ಲಿಂದ ಬಂತು ಎಂದು ಕೇಳಿದರೆ, ಬೀಜದ ಬೆಲೆ ಒಂದು ಸೆಂಟೂ ಏರಿಲ್ಲ.

ಮಾರ್ಜಿನ್ ಹಣ ಮೊದಲೇ ಇಟ್ಟಿದ್ದೇನಲ್ಲ ಎನ್ನುವವರೂ ಇದ್ದಾರೆ. ಆ ಠೇವಣಿ ರೂಪಾಯಿಯದು. ಡಾಲರ್ ಏರಿದರೆ ಅದು ಏರುವುದಿಲ್ಲ. ಬದಲಿಗೆ ಲಿಮಿಟ್ ಮೀರುತ್ತಿದೆ, ಇನ್ನಷ್ಟು ಮಾರ್ಜಿನ್ ಕಟ್ಟಿ ಎಂದು ಬ್ಯಾಂಕಿನಿಂದ ಕರೆ ಬರಬಹುದು. ತೊಂದರೆಯ ಮೊದಲ ಸುಳಿವು ಹೆಚ್ಚಾಗಿ ಆ ಕರೆಯೇ.

ತಪ್ಪು ಕಲ್ಪನೆ: ಬ್ಯಾಂಕು ಹೊಣೆ ಹೊತ್ತಿದೆ, ಆದ್ದರಿಂದ ದರದ ಏರಿಳಿತವೂ ಅದರದ್ದೇ.

ವಾಸ್ತವ: ಬ್ಯಾಂಕು ಹೊತ್ತಿರುವುದು ನೀವು ಕೈಕೊಟ್ಟರೆ ಎಂಬ ಅಪಾಯವನ್ನು ಮಾತ್ರ. ಎಲ್‌ಸಿಗಳು ನಡೆಯುವುದು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ನಿಯಮಾವಳಿಯಂತೆ. ಯುಸಿಪಿ 600 ಎಂದು ಕರೆಯುವ ಈಗಿನ ಆವೃತ್ತಿ 2007ರ ಜುಲೈನಿಂದ ಬಳಕೆಯಲ್ಲಿದೆ. ಅದರಂತೆ ಕಾಗದಪತ್ರ ಸರಿಯಿದ್ದರೆ ಬ್ಯಾಂಕು ಹಣ ಕೊಡಲೇಬೇಕು, ಡಾಲರ್ ಎಷ್ಟೇ ಆಗಿರಲಿ. ಕೊಟ್ಟದ್ದನ್ನು ನಿಮ್ಮಿಂದ ವಸೂಲು ಮಾಡುವುದು ನೀವು ಸಹಿ ಹಾಕಿದ ಬೇರೆ ಕರಾರಿನಂತೆ.

ನೀವು ದುಡ್ಡು ಹೊಂದಿಸದಿದ್ದರೆ ಏನಾಗುತ್ತದೆ ಎನ್ನುವಲ್ಲಿ ಹಲವರು ಎಡವುತ್ತಾರೆ. ‘ಎರಡು ವಾರ ತಡೆದರೆ ಡಾಲರ್ ಇಳಿದೀತು’ ಎಂದು ಗಡುವಿನ ದಿನ ಕೈಕಟ್ಟಿ ಕೂರುವುದು. ಬ್ಯಾಂಕು ಕಾಯುವುದಿಲ್ಲ. ಹೊರಗೆ ಡಾಲರ್ ಕಟ್ಟಿ, ತನ್ನ ನಿಯಮದಂತೆ ನಿಗದಿಯಾದ ದಿನ ಆ ಬಾಕಿಯನ್ನು ಅಂದಿನ ದರದಲ್ಲಿ ರೂಪಾಯಿ ಸಾಲವಾಗಿ ಬದಲಿಸಿಬಿಡುತ್ತದೆ. ಬ್ಯಾಂಕಿನ ಮಾತಿನಲ್ಲಿ ಇದು ಕ್ರಿಸ್ಟಲೈಸೇಷನ್. ಅಲ್ಲಿಗೆ ದರದ ಅಪಾಯ ಮುಗಿಯಿತು, ಬಡ್ಡಿಯ ಓಟ ಶುರುವಾಯಿತು. ನಮ್ಮ ಉದಾಹರಣೆಯಲ್ಲಿ ಬದಲಾವಣೆ ಆಗಸ್ಟ್ 28ರಂದೇ ಆಗಿದ್ದರೆ, ಅಕ್ಟೋಬರಿನಲ್ಲಿ ಡಾಲರ್ 61–62ಕ್ಕೆ ಇಳಿದರೂ ಆ ಕಾರ್ಖಾನೆಗೆ ಒಂದು ಪೈಸೆ ಲಾಭವಿಲ್ಲ. ಅದರ ಸಾಲ ಆಗಲೇ 68 ಲಕ್ಷವೆಂದು ಹೆಪ್ಪುಗಟ್ಟಿದೆ.

ತಪ್ಪು ಕಲ್ಪನೆ: 90 ದಿನದ ಗಡುವು ಎಂದರೆ ಬಿಟ್ಟಿ ಅನುಕೂಲ.

ವಾಸ್ತವ: ಬಂಡವಾಳಕ್ಕೆ ಅನುಕೂಲ, ದರದ ಮಟ್ಟಿಗೆ 90 ದಿನದ ಬಿಸಿಲು. ಅದೂ ಎಲ್‌ಸಿ ತೆರೆದ ದಿನದಿಂದ ಎಣಿಸಿದರೆ 105 ದಿನ. ಬೆಲೆ ಒಪ್ಪಿದ ದಿನದಿಂದ ಎಣಿಸಿದರೆ ಇನ್ನೂ ಹೆಚ್ಚು, ಏಕೆಂದರೆ ಡಾಲರಿನಲ್ಲಿ ಬೆಲೆ ಕುದುರಿದ ಗಳಿಗೆಯಿಂದಲೇ ಅಪಾಯ ನಿಮ್ಮ ತಲೆಯ ಮೇಲೆ ಕೂತಿರುತ್ತದೆ. ಎಲ್‌ಸಿ ಅದಕ್ಕೆ ಬರೆದ ಕಾಗದ ಮಾತ್ರ.

ತಪ್ಪು ಕಲ್ಪನೆ: ಫಾರ್ವರ್ಡ್ ಬುಕ್ ಮಾಡುವುದು ಜೂಜು.

ವಾಸ್ತವ: ಬುಕ್ ಮಾಡದೆ ಕೂರುವುದೇ ಜೂಜು ಎಂಬುದು ನನ್ನ ಅಭಿಪ್ರಾಯ. ಮುಂದಿನ ಒಂದು ದಿನಕ್ಕೆ ಡಾಲರನ್ನು ಈಗಲೇ ದರ ಕಟ್ಟಿ ಕೊಳ್ಳುವ ಒಪ್ಪಂದ ಫಾರ್ವರ್ಡ್. ದರ ಇಂದಿನದ್ದಕ್ಕಿಂತ ತುಸು ಹೆಚ್ಚು. ಆ ಹೆಚ್ಚುವರಿಯ ಹೆಸರು ಪ್ರೀಮಿಯಂ, ಅದರ ಬುಡದಲ್ಲಿರುವುದು ಎರಡು ದೇಶಗಳ ಬಡ್ಡಿ ದರಗಳ ಅಂತರ. ಮೂರೂವರೆ ತಿಂಗಳಿಗೆ ಡಾಲರಿಗೆ ಒಂದು ರೂಪಾಯಿ ಎಂದಿಟ್ಟುಕೊಂಡರೆ, ನಮ್ಮವರು ಮೇ ತಿಂಗಳಲ್ಲೇ 56ಕ್ಕೆ ಬುಕ್ ಮಾಡಬಹುದಿತ್ತು. ಒಂದು ಲಕ್ಷದ ಖರ್ಚಿನಲ್ಲಿ ಹನ್ನೆರಡು ಲಕ್ಷ ಉಳಿಯುತ್ತಿತ್ತು. ಡಾಲರ್ 53ಕ್ಕೆ ಇಳಿದಿದ್ದರೆ? ಮೂರು ಲಕ್ಷ ಕೈತಪ್ಪಿತು ಎಂದು ಹೊಟ್ಟೆ ಉರಿಯುತ್ತಿತ್ತು. ಆದರೂ ಬೀಜದ ಅಸಲು 56 ಲಕ್ಷ ಎಂದು ಹಿಡಿದು ತಿರುಳಿನ ಬೆಲೆ ಹೇಳಿದ್ದವರಿಗೆ ಕೈಯಿಂದ ನಷ್ಟವಿಲ್ಲ.

ಜೂಜಾಗುವುದು ಗಾಬರಿಯಲ್ಲಿ ಬುಕ್ ಮಾಡಿದಾಗ. ಆಗಸ್ಟ್ 28ರಂದು ಡಾಲರ್ 75 ಆಗುತ್ತದಂತೆ ಎಂದು ಹೆದರಿ, ಅಕ್ಟೋಬರಿನ ಬಾಕಿಗೆ 69ಕ್ಕೆ ಕಟ್ಟಿಕೊಂಡವರು ಏಳು ಲಕ್ಷ ಹೆಚ್ಚು ತೆತ್ತಂತಾಯಿತು. ಇನ್ನೊಂದು ಸಂಗತಿ: ಫಾರ್ವರ್ಡಿಗೆ ಹಡಗಿನ ಕಥೆ ಬೇಕಿಲ್ಲ. ಮಾರುವವನು ಸರಕು ಕಳಿಸದೇ ಹೋದರೂ ಒಪ್ಪಂದ ನಿಂತೇ ಇರುತ್ತದೆ. ರದ್ದು ಮಾಡಿಸಿದರೆ ಅಂದಿನ ದರಕ್ಕೂ ನಿಮ್ಮ ದರಕ್ಕೂ ಇರುವ ಅಂತರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸರಕು ಹೊರಡುವುದು ಖಚಿತವಿಲ್ಲದಾಗ ಅರ್ಧ ಈಗ, ಉಳಿದರ್ಧ ಬಿಲ್ ಆಫ್ ಲೇಡಿಂಗ್ ಬಂದ ಮೇಲೆ ಬುಕ್ ಮಾಡುವುದು ಮೇಲು. ತಿರುಳನ್ನು ರಫ್ತು ಮಾಡುವವರಿಗಂತೂ ಬರುವ ಡಾಲರೇ ಗುರಾಣಿ, ಎರಡರ ತಾರೀಕು ಹೊಂದಿದರೆ ಮಾತ್ರ.

ತಪ್ಪು ಕಲ್ಪನೆ: ಮಾರುವವನಿಗೆ ದರದ ಚಿಂತೆಯೇ ಇಲ್ಲ, ರೂಪಾಯಿಯಲ್ಲಿ ಎಲ್‌ಸಿ ಕೊಟ್ಟರೆ ನಮಗೂ ಇಲ್ಲ.

ವಾಸ್ತವ: ಐವರಿ ಕೋಸ್ಟಿನ ರೈತನಿಗೆ ಹಣ ಸಿಗುವುದು ಸಿಎಫ್‌ಎ ಫ್ರಾಂಕಿನಲ್ಲಿ. ಅದನ್ನು ಒಂದು ಯೂರೋಗೆ 655.957 ಫ್ರಾಂಕಿನಂತೆ ಕಟ್ಟಿಹಾಕಲಾಗಿದೆ. ಬೀಜ ಕೊಂಡು ಡಾಲರಿಗೆ ಮಾರುವ ಅಲ್ಲಿನ ವ್ಯಾಪಾರಿಗೆ ಯೂರೋ ಎದುರು ಡಾಲರ್ ಇಳಿದರೆ ಏಟು. ಅವನಿಗೂ ಅವನದೇ ಲೆಕ್ಕವಿದೆ. ರೂಪಾಯಿಯಲ್ಲಿ ಪಾವತಿಸುವ ದಾರಿಯನ್ನು ರಿಸರ್ವ್ ಬ್ಯಾಂಕ್ 2022ರ ಜುಲೈನಲ್ಲಿ ವಿಸ್ತರಿಸಿತು, ನಿಜ. ಆದರೆ ರೂಪಾಯಿ ಒಪ್ಪುವ ವ್ಯಾಪಾರಿ ಅದರ ಅಪಾಯವನ್ನು ಬೀಜದ ಬೆಲೆಯೊಳಗೇ ಸೇರಿಸುತ್ತಾನೆ. ಮಧ್ಯದಲ್ಲಿ ಮನಸ್ಸು ಬದಲಿಸಲೂ ಆಗುವುದಿಲ್ಲ. ಇನ್‌ವಾಯ್ಸ್ ಎಲ್‌ಸಿಯ ಕರೆನ್ಸಿಯಲ್ಲೇ ಇರಬೇಕು, ಎಲ್‌ಸಿ ತಿದ್ದಲು ಅವನ ಒಪ್ಪಿಗೆ ಬೇಕು. ಡಾಲರ್ 68 ಆದ ದಿನ ಅವನು ಒಪ್ಪುವುದಿಲ್ಲ.