ಒಂದೇ ಒಂದು ಜೋಡಣೆ ಉಳಿಯುವವರೆಗೆ

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರ ರಫ್ ಹಾಳೆಯ ತುಂಬ ವೃತ್ತಗಳಿರುತ್ತವೆ. ಅದು ಸೀಟಿಂಗ್ ಅರೇಂಜ್‌ಮೆಂಟ್‌ನ ಗುರುತು. ಯಾರ ಪಕ್ಕ ಯಾರು ಕೂತಿದ್ದಾರೆಂದು ಸುಳಿವುಗಳಿಂದ ಪತ್ತೆ ಮಾಡುವ ಲೆಕ್ಕ ಅದು. ಸಾಮಾನ್ಯವಾಗಿ ಒಂದೇ ಚಿತ್ರದ ಮೇಲೆ ನಾಲ್ಕೈದು ಪ್ರಶ್ನೆಗಳು ನಿಂತಿರುತ್ತವೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವೂ ಇರುವುದರಿಂದ, ಚಿತ್ರ ಕೆಟ್ಟರೆ ನಷ್ಟ ಒಂದು ಪ್ರಶ್ನೆಗೆ ನಿಲ್ಲುವುದಿಲ್ಲ.

ಒಂದು ಲೆಕ್ಕ ಬಿಡಿಸಿ ನೋಡೋಣ. ಆಶಾ, ಬಸವ, ಚೇತನ, ದೀಪಾ, ಈಶ್ವರ, ಫಾತಿಮಾ ದುಂಡು ಮೇಜಿನ ಸುತ್ತ ಸಮ ಅಂತರದಲ್ಲಿ, ಮಧ್ಯಕ್ಕೆ ಮುಖ ಮಾಡಿ ಕೂತಿದ್ದಾರೆ. ಸುಳಿವುಗಳು ನಾಲ್ಕು. ಆಶಾಳ ಎದುರಿಗೆ ದೀಪಾ. ಆಶಾಳ ಎಡಕ್ಕೆ ಎರಡನೆಯವನು ಬಸವ. ಚೇತನ, ಈಶ್ವರ ಅಕ್ಕಪಕ್ಕದವರು. ಚೇತನ ದೀಪಾಳ ಪಕ್ಕದಲ್ಲಿ ಇಲ್ಲ.

ಮೊದಲು ದಿಕ್ಕು. ಮೇಜಿನ ಚಿತ್ರದಲ್ಲಿ ಕೆಳಗಡೆ ಕೂತವರ ಮುಖ ಮೇಲಕ್ಕಿರುತ್ತದೆ, ಅವರ ಎಡಗೈ ನಮ್ಮ ಎಡಕ್ಕೇ. ಅಲ್ಲಿಂದ ಎಡಕ್ಕೆ ಸಾಗಿದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕು. ಹಾಗಾಗಿ ಮಧ್ಯಕ್ಕೆ ಮುಖವಿದ್ದಾಗ ಎಡವೆಂದರೆ ಗಡಿಯಾರದ ದಿಕ್ಕು, ಬಲವೆಂದರೆ ಅದರ ವಿರುದ್ಧ. ಹೊರಗೆ ಮುಖ ಮಾಡಿದವರಿಗೆ ಇದು ಅದಲುಬದಲು.

ಮೇಜು ದುಂಡಗಿರುವುದರಿಂದ ಮೊದಲನೆಯವರನ್ನು ಎಲ್ಲಿ ಕೂರಿಸಿದರೂ ಒಂದೇ. ಆಶಾಳನ್ನು 1ನೇ ಕುರ್ಚಿಯಲ್ಲಿ ಇಟ್ಟು, ಗಡಿಯಾರದ ದಿಕ್ಕಿನಲ್ಲಿ 2ರಿಂದ 6ರವರೆಗೆ ಎಣಿಸೋಣ. ಉಳಿದ ಐವರನ್ನು ಕೂರಿಸಲು 120 ಬಗೆಗಳಿವೆ. ದೀಪಾ ಎದುರಿನ 4ಕ್ಕೆ ಹೋದಳು, 24 ಉಳಿದವು. ಬಸವ 3ಕ್ಕೆ ಬಂದ, 6 ಉಳಿದವು. ಈಗ ಖಾಲಿ ಇರುವುದು 2, 5, 6. ಚೇತನ, ಈಶ್ವರ ಅಕ್ಕಪಕ್ಕ ಇರಬೇಕಾದರೆ 5, 6 ಅವರಿಗೇ ಬೇಕು, 2 ಫಾತಿಮಾಳದ್ದು. ಇನ್ನುಳಿದವು ಎರಡೇ ಬಗೆ. 5 ಎಂದರೆ ದೀಪಾಳ ಪಕ್ಕ, ಅಲ್ಲಿ ಚೇತನ ಇರುವಂತಿಲ್ಲ. ಆದ್ದರಿಂದ ಈಶ್ವರ 5, ಚೇತನ 6. ಬಸವನ ಬಲಕ್ಕೆ ಯಾರು ಎಂದರೆ 3ರಿಂದ ಹಿಂದೆ ಒಂದು ಕುರ್ಚಿ: ಫಾತಿಮಾ.

ಈ 120, 24, 6, 2, 1ರ ಇಳಿತವೇ ತಾಳೆ ನೋಡುವ ಸಾಧನ. ಪ್ರತಿ ಸುಳಿವೂ ಏನನ್ನೋ ಕಡಿತ ಮಾಡಬೇಕು. ಕೊನೆಯ ಸುಳಿವು ಇಲ್ಲದಿದ್ದರೆ ಚೇತನ–ಈಶ್ವರರ ಕುರ್ಚಿ ಇತ್ಯರ್ಥವಾಗುತ್ತಿರಲಿಲ್ಲ. ಆಗ 'ಹೇಳಲಾಗದು' ಎಂಬ ಆಯ್ಕೆಯೇ ಸರಿ. ಒಂದು ಸುಳಿವನ್ನು ಮುಟ್ಟದೆಯೇ ಚಿತ್ರ ಮುಗಿದಿದ್ದರೆ, ಆ ಸುಳಿವನ್ನು ಚಿತ್ರಕ್ಕೆ ಹಚ್ಚಿ ನೋಡಿ. ಬಹುಪಾಲು ಎಲ್ಲೋ ಒಂದನ್ನು ಊಹಿಸಿಕೊಂಡಿರುತ್ತೇವೆ.

ಒಂದು ತಮಾಷೆಯಿದೆ. ಎಡ–ಬಲಗಳನ್ನು ಉದ್ದಕ್ಕೂ ಒಂದೇ ರೀತಿ ತಿರುವುಮುರುವು ಮಾಡಿದರೆ ಕನ್ನಡಿಯಲ್ಲಿ ಕಂಡ ಚಿತ್ರ ಸಿಗುತ್ತದೆ, 'ಬಸವನ ಬಲಕ್ಕೆ ಯಾರು' ಎಂಬುದಕ್ಕೆ ಫಾತಿಮಾ ಎಂದೇ ಬರುತ್ತದೆ! ಹೀಗಾಗಿ ತಪ್ಪು ಅಭ್ಯಾಸ ವಾರಗಟ್ಟಲೆ ಸಿಕ್ಕಿಬೀಳುವುದಿಲ್ಲ. 'ಗಡಿಯಾರದ ದಿಕ್ಕಿನಲ್ಲಿ ಎಣಿಸಿ' ಎಂಬ ಪ್ರಶ್ನೆ ಬಂದ ದಿನ ಬಯಲಾಗುತ್ತದೆ.

ಕೋಡಿಂಗ್–ಡಿಕೋಡಿಂಗ್‌ನಲ್ಲಿ ಆತುರವೇ ಮುಳುವು. MILK ಎಂಬುದನ್ನು NKOO ಎಂದು ಬರೆದರೆ ROAD ಏನಾಗುತ್ತದೆ? M ಆದ ಮೇಲೆ N, ಸರಿ, ಮುಂದಿನ ಅಕ್ಷರ ಬರೆಯುವುದೇ ನಿಯಮ ಎಂದುಕೊಂಡವರು SPBE ಗುರುತು ಹಾಕಿ ಮುಂದೆ ಓಡುತ್ತಾರೆ. ಪ್ರಶ್ನೆ ತೆಗೆಯುವವರು ಅದನ್ನೂ ಆಯ್ಕೆಗಳಲ್ಲಿ ಇಟ್ಟಿರಬಹುದು. ಅಕ್ಷರಗಳ ಕ್ರಮಸಂಖ್ಯೆ ಬರೆದು ನೋಡಿ:

```
M  I  L  K     13   9  12  11
N  K  O  O     14  11  15  15
               +1  +2  +3  +4
```

L ಮತ್ತು K ಎರಡೂ O ಆಗಿರುವುದೇ ಸುಳಿವು. ಒಂದೊಂದು ಅಕ್ಷರಕ್ಕೂ ಅದರದೇ ಬದಲಿ ಅಕ್ಷರ ಎಂಬ ನಿಯಮವಿದ್ದರೆ ಹೀಗಾಗುತ್ತಿರಲಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಅಕ್ಷರ ನಿಂತ ಸ್ಥಾನ. R+1, O+2, A+3, D+4 ಸೇರಿ SQDH. ಸಂಕೇತವನ್ನು ಬಿಡಿಸುವಾಗ ಅಷ್ಟಷ್ಟನ್ನೇ ಕಳೆಯಬೇಕು: GCUI ಎಂದರೆ FARE.

ಕ್ರಮಸಂಖ್ಯೆ ನೆನಪಿಡಲು ಕೋಚಿಂಗ್ ತರಗತಿಗಳಲ್ಲಿ EJOTY ಎಂಬ ಗುಟ್ಟು ಹೇಳಿಕೊಡುತ್ತಾರೆ. ಈ ಐದು ಅಕ್ಷರಗಳು 5, 10, 15, 20, 25ನೆಯವು. ಮಿಕ್ಕವನ್ನು ಅಲ್ಲಿಂದ ಒಂದೆರಡು ಹೆಜ್ಜೆ ಎಣಿಸಿದರೆ ಸಾಕು. Z ದಾಟಿದರೆ ಮತ್ತೆ A ಇಂದ ಶುರು. ಇದೇ ನಿಯಮದಲ್ಲಿ ZOO ಎಂಬುದು AQR. ಪಕ್ಕಪಕ್ಕದ ಎರಡು Oಗಳು ಬೇರೆಬೇರೆ ಅಕ್ಷರಗಳಾದದ್ದು ಇಲ್ಲಿ ತಪ್ಪಲ್ಲ.