ನಾಲ್ಕು ‘ಇಂಗ್’, ಒಂದೇ ‘ಸ್ತಾ’

‘ಮರಿಯಾ ಈಸ್ ಸಿಟ್ಟಿಂಗ್ ಬೈ ದ ವಿಂಡೋ. ಶಿ ಈಸ್ ವೇರಿಂಗ್ ಎ ರೆಡ್ ಕೋಟ್. ಶಿ ಈಸ್ ವೇಟಿಂಗ್ ಫಾರ್ ಹರ್ ಬ್ರದರ್. ದೇ ಆರ್ ಲೀವಿಂಗ್ ಫಾರ್ ಬೊಲೋನ್ಯಾ ಟುನೈಟ್.’

ಈ ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ನಾಲ್ಕು ‘ಇಂಗ್’ಗಳಿವೆ. ಇಟಾಲಿಯನ್ ಕಲಿಯುವವರಿಗೆ ಇದಕ್ಕೆ ಸಮನಾದ ರೂಪವೊಂದನ್ನು ಬೇಗನೆ ಹೇಳಿಕೊಡುತ್ತಾರೆ. ‘ಸ್ತಾರೆ’ ಎಂಬ ಕ್ರಿಯಾಪದದ ವರ್ತಮಾನ ರೂಪವನ್ನು ಮೊದಲು ಇಟ್ಟು, ಅದರ ಮುಂದೆ ‘ಆಂದೊ’ ಅಥವಾ ‘ಎಂದೊ’ ಎಂದು ಕೊನೆಯಾಗುವ ಜೆರುಂದಿಯೊ ರೂಪವನ್ನು ಸೇರಿಸಬೇಕು. ‘ಸ್ತೊ ಮಾಂಜಾಂದೊ’ ಎಂದರೆ ತಿನ್ನುತ್ತಿದ್ದೇನೆ, ‘ಸ್ತೊ ಲೆಜ್ಜೆಂದೊ’ ಎಂದರೆ ಓದುತ್ತಿದ್ದೇನೆ. ಇಷ್ಟು ಕೈಗೆ ಸಿಕ್ಕಿದ್ದೇ ತಡ, ನಾಲ್ಕೂ ಕಡೆ ಇದನ್ನೇ ಹಾಕಿಬಿಡೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಮೂರು ಕಡೆ ತಪ್ಪುತ್ತೇವೆ.

ಮೊದಲನೆಯದನ್ನೇ ನೋಡಿ. ‘ಮರಿಯಾ ಸಿ ಸ್ತಾ ಸೆದೆಂದೊ’ ಎಂದು ಬರೆದರೆ ಇಟಲಿಯ ಓದುಗರ ಕಣ್ಣಿಗೆ ಕಾಣುವುದು ನಿಂತಿದ್ದ ಮರಿಯಾ ಈಗ ಕುರ್ಚಿಯತ್ತ ಬಾಗುತ್ತಿರುವ ಚಿತ್ರ. ಆಗಲೇ ಕೂತಿರುವವಳಿಗೆ ಅವರು ‘ಎ ಸೆದೂತಾ’ ಅನ್ನುತ್ತಾರೆ. ಕನ್ನಡಿಗರಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಿಲ್ಲ, ‘ಕೂರುತ್ತಿದ್ದಾಳೆ’ ಬೇರೆ, ‘ಕೂತಿದ್ದಾಳೆ’ ಬೇರೆ. ಇಂಗ್ಲಿಷ್ ಎರಡನ್ನೂ ಒಂದೇ ರೂಪದಲ್ಲಿ ಹೇಳಬಲ್ಲುದು, ಅಲ್ಲೇ ಎಡವುವುದು. ಕೋಟಿನ ಕಥೆಯೂ ಇದೇ. ಕೋಟು ಹಾಕಿಕೊಂಡಿದ್ದಾಳೆ ಎನ್ನಲು ‘ಪೋರ್ತಾ’ ಎಂಬ ಸಾದಾ ವರ್ತಮಾನ ಸಾಕು. ಅದನ್ನು ‘ಸ್ತಾ ಪೊರ್ತಾಂದೊ’ ಮಾಡಿದರೆ ಅವಳು ಕೋಟನ್ನು ಎತ್ತಿಕೊಂಡು ಎಲ್ಲಿಗೋ ಹೊರಟಂತೆ ಕೇಳಿಸುತ್ತದೆ.

ನಾಲ್ಕನೆಯ ವಾಕ್ಯದ ಕೆಲಸ ಇನ್ನೂ ಶುರುವೇ ಆಗಿಲ್ಲ, ಪ್ರಯಾಣ ರಾತ್ರಿಗೆ. ‘ಪಾರ್ತೊನೊ ಸ್ತಸೇರಾ’, ರಾತ್ರಿ ಹೊರಡುತ್ತಾರೆ. ‘ಸ್ತಾನ್ನೊ ಪಾರ್ತೆಂದೊ’ ಎನ್ನುವುದು ಸೂಟ್‌ಕೇಸ್ ಹಿಡಿದು ಬಾಗಿಲು ದಾಟುತ್ತಿರುವವರ ಬಗ್ಗೆ. ಮುಂದೆ ಆಗುವ ಕೆಲಸಕ್ಕೆ ಇಟಾಲಿಯನ್ ಈ ಜೋಡಣೆಯನ್ನು ಬಿಟ್ಟುಕೊಡುವುದಿಲ್ಲ.

ಉಳಿದದ್ದು ಕಾಯುವುದು. ಅದು ಈ ಗಳಿಗೆಯಲ್ಲಿ ನಡೆಯುತ್ತಿರುವ, ಇನ್ನೂ ಮುಗಿಯದ ಕೆಲಸವಾದ್ದರಿಂದ ‘ಸ್ತಾ ಅಸ್ಪೆತ್ತಾಂದೊ’ ಸರಿಯಾಗಿ ಕೂರುತ್ತದೆ. ಆದರೆ ಇಲ್ಲಿಯೂ ಕಡ್ಡಾಯವಿಲ್ಲ, ಬರೀ ‘ಅಸ್ಪೆತ್ತಾ’ ಎಂದರೂ ಅದೇ ಅರ್ಥ. ‘ಕೆ ಫಾಯ್?’, ಅಂದರೆ ಏನ್ ಮಾಡ್ತಿದ್ದೀಯ, ಎಂದು ಕೇಳಿದರೆ ‘ಲೆಗ್ಗೊ’ ಎಂಬ ಒಂದೇ ಪದ ಸಹಜವಾದ ಉತ್ತರ. ಪ್ರಶ್ನೆಯೂ ಸಾದಾ ವರ್ತಮಾನದಲ್ಲೇ ಇದೆ, ಗಮನಿಸಿ. ‘ಸ್ತಾರೆ’ ನಿಜವಾಗಿ ಬೇಕಾಗುವುದು ಸಾದಾ ರೂಪ ಎರಡರ್ಥ ಕೊಡುವಾಗ. ‘ಮಾರಿಯೊ ಫೂಮಾ’ ಎಂದಷ್ಟೇ ಹೇಳಿದರೆ ಅವನಿಗೆ ಸಿಗರೇಟಿನ ಚಟವಿದೆ ಎಂದಾಗಬಹುದು. ಈಗ ಸೇದುತ್ತಿದ್ದಾನೆ ಎನ್ನಲು ‘ಸ್ತಾ ಫುಮಾಂದೊ’ ಎಂದರೆ ಗೊಂದಲವಿಲ್ಲ. ಫೋನೆತ್ತಿ ‘ಸ್ತೊ ಮಾಂಜಾಂದೊ’ ಎಂದರೆ ಆಮೇಲೆ ಮಾಡಿ ಎಂಬ ಒತ್ತೂ ಅದರೊಳಗೇ ಸೇರಿರುತ್ತದೆ.

ಇಲ್ಲಿಯವರೆಗೆ ನೆರವಾದ ಕನ್ನಡದ ಕಿವಿ ಕಾಲಾವಧಿಯ ವಿಷಯಕ್ಕೆ ಬಂದಾಗ ದಾರಿ ತಪ್ಪಿಸುತ್ತದೆ. ‘ಮೂರು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎನ್ನುತ್ತೇವೆ ನಾವು, ಇಂಗ್ಲಿಷಿನಲ್ಲೂ ‘ಐ ಹ್ಯಾವ್ ಬೀನ್ ವರ್ಕಿಂಗ್’. ಇಟಾಲಿಯನ್ನರು ಹೇಳುವುದು ‘ಲವೋರೊ ಕ್ವಿ ದಾ ತ್ರೆ ಆನ್ನಿ’. ನಮ್ಮ ‘ಇಂದ’ದ ಕೆಲಸವನ್ನು ‘ದಾ’ ಮಾಡುತ್ತದೆ, ಕ್ರಿಯಾಪದ ಮಾತ್ರ ಸಾದಾ ವರ್ತಮಾನದಲ್ಲೇ ಉಳಿಯುತ್ತದೆ.

ಭೂತಕಾಲದಲ್ಲೂ ಇಂಥದೇ ಒಂದು ಗೆರೆಯಿದೆ. ‘ಅವನು ಒಳಗೆ ಬಂದಾಗ ನಾನು ಓದುತ್ತಿದ್ದೆ’ ಎಂಬಲ್ಲಿ ‘ಸ್ತಾವೊ ಲೆಜ್ಜೆಂದೊ’ ಅಥವಾ ‘ಲೆಜ್ಜೇವೊ’ ಎರಡೂ ನಡೆಯುತ್ತವೆ, ಏಕೆಂದರೆ ಓದಿನ ನಡುವೆ ಒಂದು ಕ್ಷಣವನ್ನು ಹಿಡಿದಿದ್ದೇವೆ. ‘ನಿನ್ನೆ ದಿನವೆಲ್ಲ ಓದುತ್ತಿದ್ದೆ’ ಎಂದಾಗ ಅವಧಿಗೆ ಆಚೆಯೂ ಈಚೆಯೂ ಬೇಲಿ ಬಿದ್ದಿದೆ. ಅಲ್ಲಿ ‘ಓ ಸ್ತುದಿಯಾತೊ ತುತ್ತೊ ಇಲ್ ಜೋರ್ನೊ’ ಎಂದು ಮುಗಿದ ಕೆಲಸದ ರೂಪವನ್ನೇ ಬಳಸಬೇಕು. ‘ಸೋನೊ ಸ್ತಾತೊ ಸ್ತುದಿಯಾಂದೊ’ ಎಂದು ಜೋಡಿಸಲು ಹೋಗಬೇಡಿ. ಇಂದಿನ ಇಟಾಲಿಯನ್ನಿನಲ್ಲಿ ಅಂಥ ರೂಪ ಬಳಕೆಯಲ್ಲಿಲ್ಲ.