ಅಂಗಡಿಯ ಲಾಭ ಎಲ್ಲಿ ಹೋಯಿತು?



ಸಂಘದ ಸಾಲದಿಂದ ಕಿರಾಣಿ ಅಂಗಡಿ ನಡೆಸುವ ಸದಸ್ಯೆಯೊಬ್ಬರು, “ವರ್ಷವಿಡೀ ದುಡಿದರೂ ಗಲ್ಲಾದಲ್ಲಿ ಹೆಚ್ಚಾದದ್ದು ಒಂದೇ ಸಾವಿರ. ಅಂಗಡಿ ಮುಚ್ಚಿಬಿಡ್ತೇನೆ” ಎಂದರು. ಮುಚ್ಚುವ ಮೊದಲು ಲೆಕ್ಕ ನೋಡೋಣ ಎಂದು ನಾವು ಜೊತೆಗೆ ಕುಳಿತೆವು. ಅವರಲ್ಲಿ ಇದ್ದದ್ದು ರಾತ್ರಿ ಬರೆಯುವ ನಗದು ಪುಸ್ತಕ, ಉದ್ರಿ ಪುಸ್ತಕ, ಹೋಲ್‌ಸೇಲ್ ಅಂಗಡಿಯ ಚೀಟಿಗಳು ಮತ್ತು ಸಂಘದ ಪಾಸ್‌ಪುಸ್ತಕ. ಇದನ್ನೇ ಏಕ ನಮೂದು ಪದ್ಧತಿ ಎನ್ನುತ್ತಾರೆ. ಇಷ್ಟರಿಂದಲೇ ಪೂರ್ತಿ ಲೆಕ್ಕ ತೆಗೆಯಬಹುದು. ಸುಲಭವಾಗಲೆಂದು ಇಲ್ಲಿ ಅಂಕಿಗಳನ್ನು ಸರಿಸುಮಾರಾಗಿಸಿದ್ದೇವೆ.

ಮೊದಲು ಆರಂಭದ ಬಂಡವಾಳ

ಏಪ್ರಿಲ್ 1ರಂದು ಅಂಗಡಿಯಲ್ಲಿ ದಾಸ್ತಾನು 30,000, ನಗದು 4,000, ಗಿರಾಕಿಗಳಿಂದ ಬರಬೇಕಾದ ಉದ್ರಿ 6,000, ತಕ್ಕಡಿ-ಕಪಾಟು 10,000 ರೂಪಾಯಿ ಇತ್ತು. ಒಟ್ಟು 50,000. ಹೋಲ್‌ಸೇಲ್‌ನವರಿಗೆ ಕೊಡಬೇಕಾದದ್ದು 10,000. ಇದನ್ನು ಕಳೆದರೆ ಅವರ ಸ್ವಂತ ಬಂಡವಾಳ 40,000.

ಬರೆಯದೆ ಉಳಿದ ಅಂಕಿಗಳು

ಉದ್ರಿ ಮಾರಾಟದ ಮೊತ್ತವನ್ನು ಯಾರೂ ಕೂಡಿಟ್ಟಿರಲಿಲ್ಲ. ವರ್ಷದಲ್ಲಿ ವಸೂಲಾದದ್ದು 32,000, ಕೊನೆಗೆ ಬಾಕಿ ಇದ್ದದ್ದು 14,000. ಎರಡೂ ಸೇರಿ 46,000. ಅದರಲ್ಲಿ 6,000 ಹಿಂದಿನ ವರ್ಷದ್ದು. ಹಾಗಾಗಿ ಈ ವರ್ಷದ ಉದ್ರಿ ಮಾರಾಟ 40,000. ನಗದು ಮಾರಾಟ 2,40,000 ಸೇರಿಸಿದರೆ ಒಟ್ಟು ಮಾರಾಟ 2,80,000.

ಖರೀದಿಗೂ ಇದೇ ದಾರಿ. ಹೋಲ್‌ಸೇಲ್‌ಗೆ ಕೊಟ್ಟ ಹಣ 2,38,000, ಕೊನೆಯ ಬಾಕಿ 12,000, ಹಳೆಯ ಬಾಕಿ 10,000 ಕಳೆದರೆ ಖರೀದಿ 2,40,000.

ಮೂರನೆಯದು ಮನೆಗೆ ತೆಗೆದ ಹಣ. ಆರಂಭದ ನಗದು, ನಗದು ಮಾರಾಟ, ವಸೂಲಿ ಮತ್ತು ಸಂಘದ ಸಾಲ 15,000 ಸೇರಿ ಒಳಬಂದದ್ದು 2,91,000. ಹೋಲ್‌ಸೇಲ್, ಆಟೋ ಬಾಡಿಗೆ 5,000, ಅಂಗಡಿ ಬಾಡಿಗೆ 6,000, ಕರೆಂಟು 1,800, ಸಾಲದ ಬಡ್ಡಿ 1,200, ಅಸಲು 5,000 ಸೇರಿ ಹೊರಹೋದದ್ದು 2,57,000. ಗಲ್ಲಾದಲ್ಲಿ 34,000 ಇರಬೇಕಿತ್ತು, ಇದ್ದದ್ದು 5,000. ಉಳಿದ 29,000 ಮನೆಗೆ ಹೋಗಿದೆ. ಇದಲ್ಲದೆ ಅಕ್ಕಿ, ಎಣ್ಣೆ, ಸೋಪು ಎಂದು ಖರೀದಿ ದರದಲ್ಲಿ 6,000 ರೂಪಾಯಿಯ ಸಾಮಾನನ್ನೂ ಮನೆಗೆ ಒಯ್ದಿದ್ದರು.

ವ್ಯಾಪಾರ ಖಾತೆ

ಆರಂಭದ ದಾಸ್ತಾನು 30,000ಕ್ಕೆ ಖರೀದಿ 2,40,000 ಕೂಡಿಸಿ, ಮನೆಗೆ ಒಯ್ದ 6,000 ಕಳೆಯಿರಿ. ಆಟೋ ಬಾಡಿಗೆ 5,000 ಸೇರಿಸಿ, ಕೊನೆಯ ದಾಸ್ತಾನು 35,000 ಕಳೆಯಿರಿ. ಮಾರಿದ ಸಾಮಾನಿನ ವೆಚ್ಚ 2,34,000 ಆಗುತ್ತದೆ. ಮಾರಾಟ 2,80,000ದಿಂದ ಇದನ್ನು ಕಳೆದರೆ ಒಟ್ಟು ಲಾಭ 46,000. ದಾಸ್ತಾನನ್ನು ಸಾಮಾನ್ಯವಾಗಿ ಕೊಂಡ ಬೆಲೆಗೆ ಲೆಕ್ಕ ಹಾಕಬೇಕು. ಮಾರುವ ಬೆಲೆ ಹಾಕಿದರೆ ಇನ್ನೂ ಬಾರದ ಲಾಭವೂ ಸೇರಿಬಿಡುತ್ತದೆ.

ಲಾಭ-ನಷ್ಟ ಖಾತೆ

ಒಟ್ಟು ಲಾಭದಿಂದ ಬಾಡಿಗೆ 6,000, ಕರೆಂಟು 1,800, ಬಡ್ಡಿ 1,200, ತಕ್ಕಡಿ-ಕಪಾಟಿನ ಸವಕಳಿ 1,000 ಕಳೆಯಿರಿ. ನಿವ್ವಳ ಲಾಭ 36,000. ಸಾಲದ ಅಸಲು ಇಲ್ಲಿ ಬರುವುದಿಲ್ಲ. ಅದು ಖರ್ಚಲ್ಲ, ಸಾಲ ತೀರಿಸಿದ್ದು. ಮನೆಗೆ ತೆಗೆದದ್ದೂ ಅಂಗಡಿಯ ಖರ್ಚಲ್ಲ.

ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್)

ಮಾರ್ಚ್ 31ರ ಆಸ್ತಿ: ದಾಸ್ತಾನು 35,000, ನಗದು 5,000, ಉದ್ರಿ 14,000, ತಕ್ಕಡಿ-ಕಪಾಟು 9,000. ಒಟ್ಟು 63,000.

ಹೊಣೆ: ಹೋಲ್‌ಸೇಲ್ ಬಾಕಿ 12,000, ಸಂಘದ ಸಾಲ 10,000, ಬಂಡವಾಳ 41,000. ಒಟ್ಟು 63,000.

ಈ 41,000 ಹೇಗೆ ಬಂತು? ಆರಂಭದ 40,000ಕ್ಕೆ ಲಾಭ 36,000 ಕೂಡಿಸಿ, ಮನೆಗೆ ತೆಗೆದ ಒಟ್ಟು 35,000 ಕಳೆದಾಗ. ಎರಡೂ ಬದಿ ತಾಳೆಯಾಯಿತು.

ಆದರೆ ಒಂದು ಎಚ್ಚರಿಕೆ. ಮನೆಗೆ ತೆಗೆದ ಹಣವನ್ನು ನಾವು ಗಲ್ಲಾದ ಕೊರತೆಯಿಂದ ಊಹಿಸಿದ್ದೇವೆ. ಕಳೆದುಹೋದ ಹಣ, ಬರೆಯಲು ಮರೆತ ಖರ್ಚು ಎಲ್ಲವೂ ಅದರಲ್ಲೇ ಅಡಗಿರಬಹುದು. ಆಗಲೂ ಪತ್ರಿಕೆ ತಾಳೆಯಾಗುತ್ತದೆ! ಆದ್ದರಿಂದ “ತಿಂಗಳಿಗೆ ಸುಮಾರು 2,400 ರೂಪಾಯಿ ಮನೆಗೆ ತೆಗೆದಿರಾ?” ಎಂದು ಕೇಳಿದೆವು. ಅವರು ಯೋಚಿಸಿ, “ಹೌದು, ಮಕ್ಕಳ ಫೀಸು, ಔಷಧಿ, ಎಲ್ಲ ಗಲ್ಲಾದಿಂದಲೇ” ಎಂದರು. ನೂರು ರೂಪಾಯಿ ಮಾರಾಟಕ್ಕೆ ಸುಮಾರು 16 ರೂಪಾಯಿ ಒಟ್ಟು ಲಾಭ ಬಂದದ್ದೂ ಅವರು ಸಾಮಾನಿನ ಮೇಲೆ ಇಡುವ ಲಾಭಕ್ಕೆ ಹೊಂದುತ್ತಿತ್ತು. ಇದು ತೀರಾ ಕಡಿಮೆ ಬಂದಿದ್ದರೆ ಮಾರಾಟ ಬರೆಯುವುದು ಬಿಟ್ಟುಹೋಗಿದೆಯೇ ಎಂದು ಹುಡುಕಬೇಕಿತ್ತು.

ಅಂಗಡಿಗೆ ನಷ್ಟವಾಗಿರಲಿಲ್ಲ, ಅದು ಮನೆಯನ್ನು ಸಾಕಿತ್ತು. ಚಿಂತಿಸಬೇಕಾದದ್ದು 6,000ದಿಂದ 14,000ಕ್ಕೆ ಏರಿದ ಉದ್ರಿ. ಅದರಲ್ಲಿ ಬಾರದ ಹಣವಿದ್ದರೆ ಅಷ್ಟನ್ನು ಲಾಭದಿಂದಲೂ ಕಳೆಯಬೇಕಾಗುತ್ತದೆ. ಅವರು ಅಂಗಡಿ ಮುಚ್ಚಲಿಲ್ಲ. ಈಗ ನಗದು ಪುಸ್ತಕದಲ್ಲಿ ‘ಮನೆಗೆ’ ಎಂಬ ಇನ್ನೊಂದು ಕಾಲಂ ಗೀಟು ಹಾಕಿಕೊಂಡಿದ್ದಾರೆ.